ಗೂಡಂಗಡಿಯಿಂದ ನಾಲ್ಕು ಮಳಿಗೆಗಳವರೆಗೆ: ಚಹಾ ಅಂಗಡಿಯ ಬ್ರ್ಯಾಂಡ್ ಕಥೆಗೆ 90 ಸೆಕೆಂಡುಗಳ ಸ್ಕ್ರಿಪ್ಟ್ ಬರೆಯುವ ಕ್ರಮ

ರಸ್ತೆ ಬದಿಯ ಚಹಾ ಅಂಗಡಿಯೊಂದು ನಾಲ್ಕೈದು ಮಳಿಗೆಗಳಾಗಿ ಬೆಳೆದ ಕಥೆಯನ್ನು ಬರೆಯಲು ಕುಳಿತವರು ಸಾಮಾನ್ಯವಾಗಿ ಮೊದಲ ಅಂಗಡಿಯ ಬಡತನದಿಂದ ಆರಂಭಿಸಿ, ಕೊನೆಯ ಮಳಿಗೆಯ ಹೊಳೆಯುವ ನಾಮಫಲಕದಲ್ಲಿ ಮುಗಿಸುತ್ತಾರೆ. ಹೀಗೆ ಬರೆದ ಸ್ಕ್ರಿಪ್ಟಿನಲ್ಲಿ ಆರಂಭವೂ ಅಂತ್ಯವೂ ಇರುತ್ತವೆ, ಆದರೆ ಒಂದರಿಂದ ಇನ್ನೊಂದಕ್ಕೆ ಹೋದದ್ದು ಹೇಗೆ ಎಂಬುದು ಮಾತ್ರ ಇರುವುದಿಲ್ಲ. ಅದು ಅಡಗಿರುವುದು ಎರಡನೆಯ ಅಂಗಡಿಯಲ್ಲಿ. ಒಂದೇ ಅಂಗಡಿ ಇರುವವರೆಗೆ ಚಹಾದ ರುಚಿ ಮಾಲೀಕರ ಕೈಯಲ್ಲಿರುತ್ತದೆ. ಎರಡನೆಯದು ತೆರೆದ ದಿನ ಅವರು ಎರಡರಲ್ಲಿ ಒಂದು ಕಡೆ ಇಲ್ಲದಿರಲೇಬೇಕಾಗುತ್ತದೆ, ಮತ್ತು ಅಲ್ಲಿ ಚಹಾ ಕಾಯಿಸುವುದು ಬೇರೆಯವರ ಕೈ. ಆ ಕೈಗೆ ರುಚಿ ದಾಟಿದ್ದು ಹೇಗೆ, ದಾಟುವಾಗ ಎಲ್ಲಿ ಎಡವಿತು ಎಂಬುದೇ ಬರೆಯಬೇಕಾದ ಕಥೆ. ಮೂರನೆಯ, ನಾಲ್ಕನೆಯ ಮಳಿಗೆಗಳು ಬಹುಮಟ್ಟಿಗೆ ಅದರ ಪುನರಾವರ್ತನೆ.

ಈ ಬರಹದಲ್ಲಿ 90 ಸೆಕೆಂಡುಗಳ ಒಂದು ಕಿರುಚಿತ್ರದ ಸ್ಕ್ರಿಪ್ಟನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ತೋರಿಸಿದ್ದೇನೆ. ಉದಾಹರಣೆಯ ಅಂಗಡಿ ವಿವರಣೆಗಾಗಿ ಕಲ್ಪಿಸಿಕೊಂಡದ್ದು. ಅದರ ಮಾಲೀಕರು 11 ವರ್ಷ ಒಂದೇ ಗೂಡಂಗಡಿ ನಡೆಸಿ, ನಂತರ ಎರಡನೆಯದನ್ನು ತೆರೆದು, ಈಗ ನಾಲ್ಕು ಮಳಿಗೆಗಳನ್ನು ನೋಡಿಕೊಳ್ಳುತ್ತಿರುವವರು ಎಂದು ಇಟ್ಟುಕೊಳ್ಳೋಣ.

ಮೊದಲ ಹೆಜ್ಜೆ: ಮಾಲೀಕರನ್ನು ಒಲೆಯ ಬಳಿಯೇ ಮಾತಾಡಿಸಿ

ಕುರ್ಚಿಯಲ್ಲಿ ಕೂರಿಸಿ ಕ್ಯಾಮೆರಾ ಎದುರಿಟ್ಟು "ನಿಮ್ಮ ಪಯಣ ಹೇಗೆ ಶುರುವಾಯಿತು" ಎಂದು ಕೇಳಿದರೆ, ಅವರು ಈಗಾಗಲೇ ಹತ್ತು ಕಡೆ ಹೇಳಿ ನುಣುಪಾಗಿಸಿದ ಉತ್ತರವನ್ನೇ ಮತ್ತೆ ಹೇಳುತ್ತಾರೆ. ಕಷ್ಟಪಟ್ಟೆ, ಗುಣಮಟ್ಟ ಬಿಡಲಿಲ್ಲ, ಗ್ರಾಹಕರು ಕೈಹಿಡಿದರು ಎಂಬ ಮೂರು ವಾಕ್ಯಗಳು ಸುಳ್ಳಲ್ಲವಾದರೂ ಅವುಗಳಿಂದ ಒಂದು ದೃಶ್ಯವನ್ನೂ ಹುಟ್ಟಿಸಲಾಗದು. ಹಾಗಾಗಿ ಮೊದಲ ಭೇಟಿ ಅವರು ಚಹಾ ಕಾಯಿಸುತ್ತಿರುವಾಗಲೇ ಆಗಲಿ. ಕೈ ಕೆಲಸದಲ್ಲಿದ್ದಾಗ ಬಾಯಿ ಭಾಷಣ ಮಾಡುವುದಿಲ್ಲ. ಪುಡಿ ಹಾಕುವಾಗ ಎಷ್ಟು ಎಂದು ಕೇಳಿದರೆ ಅವರು ಡಬ್ಬಿಯನ್ನೇ ಎತ್ತಿ ತೋರಿಸುತ್ತಾರೆ, ಮತ್ತು ನಿಮಗೆ ಬೇಕಾದದ್ದು ಆ ತೋರಿಸುವಿಕೆಯೇ.

ಪ್ರಶ್ನೆಗಳು ಒಂದು ದಿನಕ್ಕೆ, ಒಂದು ಗಳಿಗೆಗೆ ಅಂಟಿಕೊಂಡಿರಬೇಕು. "ಎರಡನೆಯ ಅಂಗಡಿ ತೆರೆದ ಬೆಳಿಗ್ಗೆ ನೀವು ಎಲ್ಲಿ ನಿಂತಿದ್ದಿರಿ?" ಎಂಬುದು ಒಳ್ಳೆಯ ಪ್ರಶ್ನೆ, ಏಕೆಂದರೆ ಅದಕ್ಕೆ ತತ್ತ್ವವನ್ನು ಉತ್ತರವಾಗಿ ಕೊಡಲಾಗದು. ನಿಮ್ಮ ಹೆಸರಿನಲ್ಲಿ ಮಾರಿದ ಚಹಾವನ್ನು ಮೊದಲ ಸಲ ಬೇರೆಯವರು ಮಾಡಿದ್ದು ಯಾವಾಗ, ಅದನ್ನು ನೀವು ಕುಡಿದಿರಾ, ಕುಡಿದು ಏನು ಹೇಳಿದಿರಿ ಎಂದು ಮುಂದುವರಿಸಿ. ಆಮೇಲೆ, ಇದು ಬಹಳ ಮಂದಿ ಬಿಟ್ಟುಬಿಡುವ ಕೆಲಸ, ಅದೇ ಪ್ರಶ್ನೆಗಳನ್ನು ಎರಡನೆಯ ಅಂಗಡಿಯ ಒಲೆಯ ಮುಂದೆ ನಿಂತಿದ್ದವರಿಗೂ ಕೇಳಿ. ಮಾಲೀಕರ ನೆನಪಿನಲ್ಲಿ "ಸ್ವಲ್ಪ ಹೊಂದಿಕೊಳ್ಳಲು ಸಮಯ ಬೇಕಾಯಿತು" ಎಂದಿರುವುದು ಕೆಲಸಗಾರರ ನೆನಪಿನಲ್ಲಿ "ಮೂರು ವಾರ ಬೈಗುಳ ತಿಂದೆ" ಎಂದಿರುತ್ತದೆ. ಎರಡು ಹೇಳಿಕೆಗಳ ನಡುವಿನ ಈ ಅಂತರದಲ್ಲಿಯೇ ಕಥೆ ಸಿಗುವುದು ಹೆಚ್ಚು.

ಇಸವಿಗಳನ್ನು ಬಾಯಿಮಾತಿನಿಂದ ಎತ್ತಿಕೊಳ್ಳಬೇಡಿ. ಅಂಗಡಿಯ ಬಾಡಿಗೆ ಕರಾರು, ಪರವಾನಗಿ ಅಥವಾ ಹಳೆಯ ಲೆಕ್ಕದ ಪುಸ್ತಕ ನೋಡಿ ಖಚಿತಪಡಿಸಿಕೊಳ್ಳಿ. ತಪ್ಪು ಇಸವಿ ತೆರೆಯ ಮೇಲೆ ಬಂದರೆ ಅದನ್ನು ಮೊದಲು ಗುರುತಿಸುವವರು ಹಳೆಯ ಗಿರಾಕಿಗಳೇ.

ಎರಡನೆಯ ಹೆಜ್ಜೆ: ಎಡವಟ್ಟನ್ನು ಹುಡುಕಿ, ಕಾರಣದವರೆಗೂ ಹೋಗಿ

ನಮ್ಮ ಉದಾಹರಣೆಯಲ್ಲಿ ಸಿಕ್ಕ ಸಂಗತಿ ಇದು. ಗೂಡಂಗಡಿಯಲ್ಲಿ ಚಹಾ ಪುಡಿ ಅಳೆಯುತ್ತಿದ್ದುದು ತಗಡಿನ ಡಬ್ಬಿಯ ಮುಚ್ಚಳದಲ್ಲಿ. ಒಂದು ಪಾತ್ರೆಗೆ ಒಂದು ಮುಚ್ಚಳ, ಬೆರಳಿನಿಂದ ಮಟ್ಟಸ ಮಾಡಿ. ಎರಡನೆಯ ಅಂಗಡಿಗೂ ಅದೇ ಪುಡಿ, ಅದೇ ಹಾಲು, ಅದೇ ಅಳತೆಯ ಪಾತ್ರೆ, ಅದೇ ಬಗೆಯ ಹೊಸ ಡಬ್ಬಿ. ಆದರೂ ಚಹಾ ಒಗರಾಗುತ್ತಿತ್ತು, ಜನ ಅರ್ಧ ಲೋಟ ಬಿಟ್ಟು ಹೋಗುತ್ತಿದ್ದರು. ಮಾಲೀಕರು ಹುಡುಗ ಹೆಚ್ಚು ಹೊತ್ತು ಕುದಿಸುತ್ತಿದ್ದಾನೆ ಎಂದುಕೊಂಡು ಬೈಯುತ್ತಿದ್ದರು. ಮೂರನೆಯ ವಾರ ಎರಡೂ ಮುಚ್ಚಳಗಳ ಪುಡಿಯನ್ನು ತೂಗಿದಾಗ ಹಳೆಯದರಲ್ಲಿ 40 ಗ್ರಾಂ, ಹೊಸದರಲ್ಲಿ 48 ಗ್ರಾಂ. ಹಳೆಯ ಮುಚ್ಚಳ ಎಂದೋ ಬಿದ್ದು ನೆಗ್ಗಿತ್ತು. ಮುಚ್ಚಳವನ್ನು ಮಗುಚಿ ಬಟ್ಟಲಿನಂತೆ ಹಿಡಿದಾಗ ಆ ನೆಗ್ಗು ಒಳಕ್ಕೆ ಉಬ್ಬಿ ನಿಂತು ಪುಡಿಯ ಜಾಗವನ್ನು ಕಡಿಮೆ ಮಾಡುತ್ತಿತ್ತು. ಹುಡುಗ ಹೇಳಿದಷ್ಟೇ ಅಳೆಯುತ್ತಿದ್ದ. ಹೇಳಿದ ಅಳತೆಯೇ ಐದನೆಯ ಒಂದು ಭಾಗ ಹೆಚ್ಚಾಗಿತ್ತು.

ಇಂಥ ಸಂಗತಿ ಪ್ರತಿ ಅಂಗಡಿಯಲ್ಲೂ ಇದೇ ರೂಪದಲ್ಲಿ ಸಿಗುವುದಿಲ್ಲ, ಆದರೆ ಎಲ್ಲಿ ಹುಡುಕಬೇಕು ಎಂಬುದು ತಿಳಿದಿದ್ದರೆ ಕೆಲಸ ಸುಲಭ. ಚಹಾದ ರುಚಿ ಜಾಗ ಬದಲಾದಾಗ ಕೆಡುವುದಕ್ಕೆ ಕಾರಣಗಳು ಕೆಲವೇ. ನೀರು ಗಡಸಾಗಿದ್ದರೆ ಚಹಾದ ಬಣ್ಣ ಮಂಕಾಗಿ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಪಾತ್ರೆ ದೊಡ್ಡದಾದರೆ ಕುದಿ ಬರುವ ಹೊತ್ತೂ ಆವಿಯಾಗುವ ಪ್ರಮಾಣವೂ ಬದಲಾಗುತ್ತವೆ, ಹಾಗಾಗಿ ಸಣ್ಣ ಪಾತ್ರೆಯ ಅಳತೆಯನ್ನು ನಾಲ್ಕರಿಂದ ಗುಣಿಸಿದರೆ ಅದೇ ರುಚಿ ಬರುವುದಿಲ್ಲ. ಸೋಸದೆ ಉರಿಯ ಮೇಲೆ ಬಿಟ್ಟ ಚಹಾ ಗಳಿಗೆ ಗಳಿಗೆಗೂ ಒಗರಾಗುತ್ತದೆ. ಈ ನಾಲ್ಕರಲ್ಲಿ, ಅಂದರೆ ಪುಡಿ, ನೀರು, ಪಾತ್ರೆ ಮತ್ತು ಹೊತ್ತುಗಳಲ್ಲಿ, ಯಾವುದು ನಿಮ್ಮ ಅಂಗಡಿಯವರನ್ನು ಕಾಡಿತು ಎಂದು ಕೇಳಿ. ಕಾರಣ ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಹಾಕಿಕೊಳ್ಳಬೇಕು: ಇದನ್ನು ಮಾತಿಲ್ಲದೆ ತೋರಿಸಬಹುದೇ? ಮುಚ್ಚಳದ ನೆಗ್ಗು ಕಣ್ಣಿಗೆ ಕಾಣುತ್ತದೆ. ನೀರಿನ ಗಡಸುತನ ಕಾಣುವುದಿಲ್ಲ, ಆದರೆ ಎರಡು ಲೋಟಗಳನ್ನು ಪಕ್ಕಪಕ್ಕ ಇಟ್ಟು ಹತ್ತಿರದಿಂದ ಚಿತ್ರೀಕರಿಸಿದರೆ ಆ ಪೊರೆ ಕಾಣುತ್ತದೆ. ಕಾಯುವ ಹೊತ್ತು ಮಾತ್ರ ತೋರಿಸಲು ಕಷ್ಟವಾದದ್ದು, ಏಕೆಂದರೆ 90 ಸೆಕೆಂಡುಗಳಲ್ಲಿ ಕಾಯಿಸುವುದಕ್ಕೆ ಕೊಡಲು ನಿಮ್ಮ ಬಳಿ ಸಮಯವೇ ಇರುವುದಿಲ್ಲ.

ಎಡವಟ್ಟೇ ಇರಲಿಲ್ಲ ಎಂದು ಮಾಲೀಕರು ಹೇಳಿದರೆ ನಂಬುವ ಮೊದಲು ಇನ್ನೊಮ್ಮೆ ಅಂಗಡಿಗೆ ಹೋಗಿ ಬನ್ನಿ. ನಿಜವಾಗಿಯೂ ಇಲ್ಲದಿದ್ದರೆ ಸೃಷ್ಟಿಸಬೇಡಿ. ಆಗ ಎಡವಟ್ಟನ್ನು ತಡೆಯಲು ಅವರು ಮೊದಲೇ ಮಾಡಿಕೊಂಡ ಏರ್ಪಾಡನ್ನೇ ಕಥೆಯ ನಡುವಿಗೆ ತನ್ನಿ.

ಮೂರನೆಯ ಹೆಜ್ಜೆ: ಒಂದು ವಸ್ತು, ಒಂದು ಧ್ವನಿ

ತೊಂಬತ್ತು ಸೆಕೆಂಡುಗಳು ಒಂದು ವಸ್ತುವನ್ನು ಮಾತ್ರ ಹೊರಬಲ್ಲವು. ನಮ್ಮಲ್ಲಿ ಅದು ಮುಚ್ಚಳ. ಹಳೆಯ ತಳ್ಳುಗಾಡಿಯ ಫೋಟೊ, ಮೊದಲ ದಿನದ ಗಲ್ಲಾಪೆಟ್ಟಿಗೆ, ತಾಯಿ ಕೊಟ್ಟ ಪಾತ್ರೆ ಎಲ್ಲವೂ ಮಾಲೀಕರಿಗೆ ಪ್ರಿಯವಾದವು, ಎಲ್ಲವನ್ನೂ ಸೇರಿಸಿ ಎಂದು ಅವರು ಕೇಳುವುದೂ ಸಹಜ. ಸೇರಿಸಿದರೆ ನೋಡುವವರಿಗೆ ಯಾವುದೂ ನೆನಪಿರುವುದಿಲ್ಲ. ಉಳಿದವುಗಳನ್ನು ಮಳಿಗೆಯ ಗೋಡೆಗೆ ಬಿಡಿ.

ಧ್ವನಿ ಮಾಲೀಕರದ್ದೇ ಆಗಿದ್ದರೆ ಒಳ್ಳೆಯದು, ಮತ್ತು ಅವರ ಮಾತು ಅವರಾಡುವ ಕನ್ನಡದಲ್ಲಿಯೇ ಇರಬೇಕು. "ನಾನು ಆ ಮುಚ್ಚಳವನ್ನು ಎಸೆಯಲಿಲ್ಲ" ಎಂದು ಬರೆದುಕೊಟ್ಟರೆ ಅವರು ಓದುತ್ತಾರೆ, ಹೇಳುವುದಿಲ್ಲ. ಮೊದಲ ಭೇಟಿಯಲ್ಲಿ ಧ್ವನಿಮುದ್ರಿಸಿಕೊಂಡ ಮಾತಿನಿಂದಲೇ ವಾಕ್ಯಗಳನ್ನು ಆಯ್ದು, ಕತ್ತರಿಸಿ, ಕ್ರಮ ಬದಲಿಸಿ. ಹೊಸ ಪದಗಳನ್ನು ಅವರ ಬಾಯಿಗೆ ತುರುಕಬೇಡಿ.

ಇಲ್ಲಿಯೇ ಒಂದು ಇಕ್ಕಟ್ಟು ಎದುರಾಗುತ್ತದೆ. ಈ ಕಥೆ ನಿಲ್ಲುವುದು ಮಾಲೀಕರು ತಪ್ಪಿಲ್ಲದ ಹುಡುಗನಿಗೆ ಬೈದರು ಎಂಬುದರ ಮೇಲೆ. ಅದನ್ನು ತೆರೆಯ ಮೇಲೆ ಒಪ್ಪಿಕೊಳ್ಳಲು ಹಣ ಕೊಡುವವರೇ ಹಿಂಜರಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಬರೆದ ಮೇಲೆ ತೋರಿಸಿ ವಾದಿಸುವುದಕ್ಕಿಂತ, ಬರೆಯುವ ಮೊದಲೇ ಕೇಳಿಬಿಡುವುದು ಲೇಸು. ಆ ಸಾಲು ಇರುವ ಮತ್ತು ಇಲ್ಲದ ಎರಡು ರೂಪಗಳನ್ನು ಅವರಿಗೆ ಬಾಯಲ್ಲೇ ಹೇಳಿ ತೋರಿಸಿ. ಬೈದದ್ದನ್ನು ತೆಗೆದರೆ ಉಳಿಯುವುದು ತೂಕದ ಲೆಕ್ಕ ಮಾತ್ರ ಎಂಬುದು ಕೇಳಿದ ಕೂಡಲೇ ಅವರಿಗೂ ತಿಳಿಯುತ್ತದೆ. ಆ ಕೆಲಸಗಾರರ ಒಪ್ಪಿಗೆಯನ್ನೂ ಬರಹದಲ್ಲಿ, ಮಾಲೀಕರು ಎದುರಿಗಿಲ್ಲದಾಗ ಪಡೆಯಿರಿ. ಸಂಬಳ ಕೊಡುವವರ ಮುಂದೆ ಬೇಡ ಎನ್ನುವುದು ಯಾರಿಗೂ ಸುಲಭವಲ್ಲ.

ನಾಲ್ಕನೆಯ ಹೆಜ್ಜೆ: ಚಿತ್ರ ಮತ್ತು ಶಬ್ದಗಳನ್ನು ಬೇರೆ ಬೇರೆಯಾಗಿ ಬರೆಯಿರಿ

ಹಾಳೆಯನ್ನು ಎರಡಾಗಿ ಮಡಚಿ, ಎಡಕ್ಕೆ ಕಾಣುವುದನ್ನು ಮಾತ್ರ, ಬಲಕ್ಕೆ ಕೇಳಿಸುವುದನ್ನು ಮಾತ್ರ ಬರೆಯುವ ಪದ್ಧತಿ ಹಳೆಯದು, ಇಂದಿಗೂ ಅದಕ್ಕಿಂತ ಉಪಯುಕ್ತವಾದದ್ದನ್ನು ನಾನು ಕಂಡಿಲ್ಲ. ಎಡಭಾಗದಲ್ಲಿ "ಅವರ ಶ್ರಮ ಕಾಣುತ್ತದೆ" ಎಂದು ಬರೆದಿದ್ದರೆ ಕ್ಯಾಮೆರಾದವರಿಗೆ ಏನು ಮಾಡಬೇಕೆಂದು ತಿಳಿಯದು. "ಬೆರಳು ಮುಚ್ಚಳದ ಅಂಚಿನ ಮೇಲೆ ಎಳೆದು ಪುಡಿಯನ್ನು ಮಟ್ಟಸ ಮಾಡುತ್ತದೆ" ಎಂದಿದ್ದರೆ ತಿಳಿಯುತ್ತದೆ. ಬಲಭಾಗದ ಮಾತು ಎಡಭಾಗದ ಚಿತ್ರವನ್ನೇ ಮತ್ತೊಮ್ಮೆ ಹೇಳುತ್ತಿದ್ದರೆ ಆ ಮಾತನ್ನು ಹೊಡೆದುಹಾಕಿ.

ಓದಲು ಅನುಕೂಲವಾಗಲೆಂದು ಉದಾಹರಣೆಯ ಸ್ಕ್ರಿಪ್ಟನ್ನು ಇಲ್ಲಿ ಒಂದರ ಕೆಳಗೊಂದು ಕೊಟ್ಟಿದ್ದೇನೆ.

0–8 ಸೆಕೆಂಡು. ಚಿತ್ರ: ಅಂಗೈ ಮೇಲೆ ನೆಗ್ಗಿದ ತಗಡಿನ ಮುಚ್ಚಳ, ತೀರ ಹತ್ತಿರದಿಂದ. ಶಬ್ದ: ಒಲೆಯ ಉರಿ. ಮಾಲೀಕರ ಧ್ವನಿ: "ಈ ಮುಚ್ಚಳ ಒಂದ್ಸಲ ಕೈಜಾರಿ ಬಿತ್ತು. ಅವತ್ತಾದ ನೆಗ್ಗು ಇದು."

8–24 ಸೆಕೆಂಡು. ಚಿತ್ರ: ಇನ್ನೂ ಬೆಳಕು ಹರಿಯದ ಹೊತ್ತು, ಗೂಡಂಗಡಿ. ಮುಚ್ಚಳದ ತುಂಬ ಪುಡಿ. ಬೆರಳು ಮಟ್ಟಸ ಮಾಡುತ್ತದೆ. ಪುಡಿ ಕುದಿಯುವ ಪಾತ್ರೆಗೆ ಬೀಳುತ್ತದೆ. ಧ್ವನಿ: "ಹನ್ನೊಂದು ವರ್ಷ ಇದರಲ್ಲೇ ಅಳೆದೆ. ಒಂದು ಪಾತ್ರೆಗೆ ಒಂದು ಮುಚ್ಚಳ. ಯಾರಾದ್ರೂ ಕೇಳಿದ್ರೆ ಎಲ್ಲಾ ಕೈಅಂದಾಜು ಅಂತಿದ್ದೆ."

24–38 ಸೆಕೆಂಡು. ಚಿತ್ರ: ಬೇರೆ ಒಲೆ, ಬೇರೆ ಕೈ, ಹೊಳೆಯುವ ಹೊಸ ಮುಚ್ಚಳ. ಬೆರಳು ಅದೇ ರೀತಿ ಮಟ್ಟಸ ಮಾಡುತ್ತದೆ. ಧ್ವನಿ: "ಎರಡನೇ ಅಂಗಡಿ ಇಟ್ಟಾಗ ಹುಡುಗನಿಗೆ ಅದೇ ಪುಡಿ, ಅದೇ ಹಾಲು, ಅದೇ ಥರದ ಡಬ್ಬಿ ಕೊಟ್ಟೆ."

38–54 ಸೆಕೆಂಡು. ಚಿತ್ರ: ಕಟ್ಟೆಯ ಮೇಲೆ ಅರ್ಧ ಉಳಿದ ಲೋಟಗಳು, ಒಂದೊಂದಾಗಿ. ಹುಡುಗ ಅವನ್ನು ಎತ್ತಿ ಚೆಲ್ಲುತ್ತಾನೆ. ಮೊದಲ ಏಳು ಸೆಕೆಂಡು ಮಾತಿಲ್ಲ, ಲೋಟಗಳ ಸದ್ದು ಮಾತ್ರ. ನಂತರ ಧ್ವನಿ: "ಒಗರು ಅಂದ್ರು. ನಾನು ಹುಡುಗನಿಗೆ ಬೈದೆ."

54–72 ಸೆಕೆಂಡು. ಚಿತ್ರ: ತಕ್ಕಡಿ. ಹಳೆಯ ಮುಚ್ಚಳದ ಪುಡಿ, 40. ಹೊಸದರ ಪುಡಿ, 48. ಮಾಲೀಕರ ಹೆಬ್ಬೆರಳು ನೆಗ್ಗನ್ನು ಸವರುತ್ತದೆ. ಧ್ವನಿ: "ಮೂರು ವಾರ ಆದ್ಮೇಲೆ ಎರಡನ್ನೂ ತೂಗಿ ನೋಡಿದೆ. ಅವನ ಮುಚ್ಚಳದಲ್ಲಿ ನೆಗ್ಗು ಇರಲಿಲ್ಲ. ತಪ್ಪು ಅವನದ್ದಲ್ಲ."

72–84 ಸೆಕೆಂಡು. ಚಿತ್ರ: ನಾಲ್ಕು ಅಂಗಡಿ, ನಾಲ್ಕು ಕೈ, ಒಂದೇ ಬಗೆಯ ಸ್ಟೀಲ್ ಅಳತೆ ಬಟ್ಟಲು. ಧ್ವನಿ: "ಈಗ ನಾಲ್ಕು ಅಂಗಡಿಗೂ ಒಂದೇ ಅಳತೆ. ಆ ಹುಡುಗ ಮೂರನೇ ಅಂಗಡಿ ನೋಡ್ಕೋತಾನೆ."

84–90 ಸೆಕೆಂಡು. ಚಿತ್ರ: ಗೋಡೆಯ ಮೊಳೆಗೆ ನೇತುಹಾಕಿದ ನೆಗ್ಗಿದ ಮುಚ್ಚಳ, ಅದರ ಪಕ್ಕದಲ್ಲಿ ಅಂಗಡಿಯ ಹೆಸರು. ಚಹಾ ಲೋಟಕ್ಕೆ ಸುರಿಯುವ ಸದ್ದು. ಮಾತಿಲ್ಲ.

ಇದರಲ್ಲಿ ಮಾತು 70 ಪದಗಳಷ್ಟೂ ಇಲ್ಲ ಎಂಬುದನ್ನು ಗಮನಿಸಿ. ಕನ್ನಡದ ಪದಗಳು ಪ್ರತ್ಯಯಗಳನ್ನು ಸೇರಿಸಿಕೊಂಡು ಉದ್ದವಾಗುವುದರಿಂದ, ಬೇರೆ ಭಾಷೆಯ ಪದಸಂಖ್ಯೆಯ ಲೆಕ್ಕವನ್ನು ಇಲ್ಲಿಗೆ ತರಬಾರದು. ನನ್ನ ರೂಢಿಯಲ್ಲಿ ತೊಂಬತ್ತು ಸೆಕೆಂಡುಗಳಿಗೆ ನೂರು ಪದಗಳು ಮೇಲ್ಮಿತಿ, ಎಡವಟ್ಟು ಚಿತ್ರದಲ್ಲಿಯೇ ಕಾಣುವ ಕಥೆಯಾದರೆ ಅದಕ್ಕಿಂತಲೂ ಕಡಿಮೆ. ಸ್ಕ್ರಿಪ್ಟಿನ ಅತಿ ಮುಖ್ಯ ಏಳು ಸೆಕೆಂಡುಗಳಲ್ಲಿ ಮಾತೇ ಇಲ್ಲ. ಸಂಪಾದನೆಯ ಹಂತದಲ್ಲಿ ಯಾರಾದರೂ ಖಾಲಿ ಎಂದು ಅಲ್ಲಿ ಸಂಗೀತ ತುಂಬುವ ಸಾಧ್ಯತೆ ಇರುವುದರಿಂದ, ಮೌನವನ್ನೂ ಸ್ಕ್ರಿಪ್ಟಿನಲ್ಲಿ ಬರೆದೇ ಇಡಬೇಕು.

ಐದನೆಯ ಹೆಜ್ಜೆ: ಗಡಿಯಾರ ಹಿಡಿದು ಓದಿ, ಕತ್ತರಿಸಿ

ಮನಸ್ಸಿನಲ್ಲೇ ಓದಿದರೆ ಸಮಯ ತಿಳಿಯುವುದಿಲ್ಲ. ಗಟ್ಟಿಯಾಗಿ, ಮಾಲೀಕರ ನಿಧಾನದಲ್ಲಿ ಓದಿ, ಪ್ರತಿ ಭಾಗಕ್ಕೂ ಎಷ್ಟು ಸೆಕೆಂಡು ಹಿಡಿಯಿತೆಂದು ಪಕ್ಕದಲ್ಲಿ ಬರೆದುಕೊಳ್ಳಿ. ಮಾತು ಒಂದು ಭಾಗದ ಮುಕ್ಕಾಲು ಪಾಲಿಗಿಂತ ಹೆಚ್ಚು ಹಿಡಿದರೆ ಆ ಭಾಗ ಉಸಿರುಗಟ್ಟುತ್ತದೆ.

ನನ್ನ ಮೊದಲ ಕರಡಿನಲ್ಲಿ ತಕ್ಕಡಿಯ ಭಾಗ ಹೀಗಿತ್ತು: "ಮೂರು ವಾರ ಆದ್ಮೇಲೆ ಅನುಮಾನ ಬಂದು ತಕ್ಕಡಿ ತಂದು ಎರಡೂ ಮುಚ್ಚಳದ ಪುಡಿ ತೂಗಿ ನೋಡಿದ್ರೆ, ನಂದರಲ್ಲಿ ನಲವತ್ತು ಗ್ರಾಂ, ಅವನದ್ದರಲ್ಲಿ ನಲವತ್ತೆಂಟು." ಸಂಖ್ಯೆಗಳು ತಕ್ಕಡಿಯ ಮೇಲೆ ಕಾಣುತ್ತಿರುವಾಗ ಅವನ್ನು ಬಾಯಲ್ಲಿ ಹೇಳಿಸುವ ಅಗತ್ಯವಿರಲಿಲ್ಲ. ಅವನ್ನು ತೆಗೆದದ್ದರಿಂದ ದೊರೆತ ಜಾಗದಲ್ಲಿ "ತಪ್ಪು ಅವನದ್ದಲ್ಲ" ಎಂಬ ಸಾಲು ಬಂತು. ಮೊದಲ ಭಾಗದಲ್ಲಿಯೂ "ಬಿಸಾಕೋಣ ಅಂದ್ಕೊಂಡೆ, ಮನಸ್ಸು ಬರಲಿಲ್ಲ" ಎಂಬ ಮಾತಿತ್ತು. ಕೇಳಲು ಸೊಗಸಾಗಿತ್ತು, ಆದರೆ ಮುಚ್ಚಳದ ಮಹತ್ವವನ್ನು ಅದು ಮೊದಲೇ ಬಿಟ್ಟುಕೊಡುತ್ತಿತ್ತು, ಐವತ್ತು ಸೆಕೆಂಡು ಕಾಯಿಸಬೇಕಾದ ಗುಟ್ಟು ಎಂಟೇ ಸೆಕೆಂಡಿನಲ್ಲಿ ಹೊರಬೀಳುತ್ತಿತ್ತು.

ಕತ್ತರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಸ್ಕ್ರಿಪ್ಟಿನಲ್ಲಿ ಚಹಾ ಎಂದಿರುವ ಕಡೆಯೆಲ್ಲ ಸಾಬೂನು ಎಂದು ಹಾಕಿ ಓದಿ. ಆಗಲೂ ಕಥೆ ನಡೆದರೆ ನೀವು ಬರೆದಿರುವುದು ಈ ಅಂಗಡಿಯ ಕಥೆಯಲ್ಲ. "ಗುಣಮಟ್ಟದಲ್ಲಿ ರಾಜಿಯಿಲ್ಲ", "ಒಂದು ಕನಸಿನಿಂದ ಆರಂಭ", "ಇದು ಬರೀ ಚಹಾ ಅಲ್ಲ" ಎಂಬಂಥ ಸಾಲುಗಳು ಈ ಪರೀಕ್ಷೆಯಲ್ಲಿ ತಕ್ಷಣ ಸಿಕ್ಕಿಬೀಳುತ್ತವೆ. ಇನ್ನೊಂದು ಪರೀಕ್ಷೆ ಶಬ್ದವನ್ನು ಮುಚ್ಚಿ ಎಡಭಾಗವನ್ನು ಮಾತ್ರ ಓದುವುದು. ಫೋನಿನಲ್ಲಿ ನೋಡುವ ಅನೇಕರು ಧ್ವನಿ ಹಾಕಿರುವುದಿಲ್ಲ. ಎರಡು ಮುಚ್ಚಳ, ಉಳಿದ ಲೋಟ, ತಕ್ಕಡಿ, ನಾಲ್ಕು ಬಟ್ಟಲು ಎಂಬಷ್ಟರಿಂದಲೇ ಏನಾಯಿತೆಂಬುದು ಊಹೆಗೆ ಸಿಗಬೇಕು. ಉಳಿದುದಕ್ಕೆ ಅಡಿಬರಹ ಹಾಕಿ, ಆದರೆ ತಕ್ಕಡಿಯ ಸಂಖ್ಯೆಗಳ ಮೇಲೆ ಅದು ಕೂರದಂತೆ ಜಾಗ ಬಿಡಲು ಚಿತ್ರೀಕರಣದವರಿಗೆ ಮೊದಲೇ ಹೇಳಿ.

ಆರನೆಯ ಹೆಜ್ಜೆ: ನಿಜದ ಗಡಿ

ಹಳೆಯ ದಿನಗಳನ್ನು ನಟರಿಂದ ಮಾಡಿಸಿ ಬಣ್ಣ ಮಾಸಿದ ಚಿತ್ರದಂತೆ ತೋರಿಸುವ ಆಸೆ ಬರುತ್ತದೆ. ಅದಕ್ಕಿಂತ ಈಗಿನ ಮಾಲೀಕರ ಈಗಿನ ಕೈಗಳಿಂದ, ಇರುವ ಮುಚ್ಚಳದಿಂದ ಅದೇ ಕೆಲಸವನ್ನು ಮಾಡಿಸಿ ತೆಗೆದರೆ ಖರ್ಚೂ ಕಡಿಮೆ, ಸುಳ್ಳೂ ಇಲ್ಲ. ಮೂಲ ಮುಚ್ಚಳ ಕಳೆದುಹೋಗಿದ್ದರೆ ಹೊಸದನ್ನು ಸುತ್ತಿಗೆಯಿಂದ ನೆಗ್ಗಿಸಿ "ಇದೇ ಅದು" ಎನ್ನಬೇಡಿ. "ಇಂಥದ್ದೇ ಒಂದು ಮುಚ್ಚಳ ಇತ್ತು" ಎಂದು ಮಾತನ್ನು ಬದಲಿಸಿ, ಕೊನೆಯ ಚಿತ್ರವನ್ನು ಬೇರೆ ಯೋಚಿಸಿ. "ಮೊಟ್ಟಮೊದಲ", "ಅತಿ ಶುದ್ಧ" ಎಂಬ ಮಾತುಗಳಿಗೆ ಆಧಾರ ತೋರಿಸಲಾಗದಿದ್ದರೆ ಅವು ಸ್ಕ್ರಿಪ್ಟಿನಲ್ಲಿ ಇರಬಾರದು. ಹಳೆಯ ಫೋಟೊ ಬಳಸುವುದಾದರೆ ತೆಗೆದವರ, ಸಂಗೀತ ಬಳಸುವುದಾದರೆ ಅದರ ಹಕ್ಕುಳ್ಳವರ ಅನುಮತಿ ಬೇಕು. ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಕಾಣುವ ಗಿರಾಕಿಗಳನ್ನೂ ಕೇಳಿಯೇ ಚಿತ್ರೀಕರಿಸಿ.

ಚಿಕ್ಕ ರೂಪಗಳು

ಮಾಲೀಕರು 30 ಸೆಕೆಂಡುಗಳ ರೂಪವನ್ನೂ ಕೇಳುವುದು ಬಹುತೇಕ ಖಚಿತ. ಉದ್ದದ ಚಿತ್ರವನ್ನು ಎಲ್ಲ ಕಡೆ ಸ್ವಲ್ಪ ಸ್ವಲ್ಪ ಕೊಯ್ದು ಕುಗ್ಗಿಸಿದರೆ ಅದು ಆತುರದ ಚಿತ್ರವಾಗುತ್ತದೆ. ಇಡೀ ಭಾಗಗಳನ್ನೇ ತೆಗೆಯಬೇಕು. ನಮ್ಮ ಉದಾಹರಣೆಯಲ್ಲಿ ಮೊದಲ ಗೂಡಂಗಡಿಯ ಭಾಗವನ್ನು ಪೂರ್ತಿ ಬಿಟ್ಟು, ನೇರವಾಗಿ ಅರ್ಧ ಉಳಿದ ಲೋಟಗಳಿಂದ ಆರಂಭಿಸಿ, ಬೈದದ್ದು, ತಕ್ಕಡಿ, ಮೊಳೆಯ ಮೇಲಿನ ಮುಚ್ಚಳ ಎಂಬ ಕ್ರಮದಲ್ಲಿ ಮುಗಿಸಬಹುದು. ನಾಲ್ಕು ಅಂಗಡಿಗಳ ಕೈಗಳು ಅಲ್ಲಿ ಬೇಕಾಗುವುದಿಲ್ಲ, ಹೆಸರಿನ ಕೆಳಗೆ "ನಾಲ್ಕು ಅಂಗಡಿ, ಒಂದೇ ಅಳತೆ" ಎಂಬ ಬರಹ ಸಾಕು. 15 ಸೆಕೆಂಡುಗಳಾದರೆ ತಕ್ಕಡಿಯ ಮೇಲಿನ ಎರಡು ಸಂಖ್ಯೆಗಳು ಮತ್ತು "ತಪ್ಪು ಅವನದ್ದಲ್ಲ" ಎಂಬ ಮಾತು ಮಾತ್ರ ಉಳಿಯುತ್ತವೆ. ಯಾರ ತಪ್ಪು, ಯಾವ ಅಳತೆ ಎಂದು ತಿಳಿಯಬೇಕೆನಿಸಿದವರಿಗೆ ಉದ್ದದ ಚಿತ್ರ ಇದ್ದೇ ಇದೆ. ಮೂರನ್ನೂ ಒಂದೇ ದಿನ ಚಿತ್ರೀಕರಿಸುವುದಾದರೆ ಲೋಟಗಳ ಶಾಟನ್ನು ಹನ್ನೆರಡು ಸೆಕೆಂಡಿನಷ್ಟು ಉದ್ದವಾಗಿಯೇ ತೆಗೆಸಿಕೊಳ್ಳಿ, ಏಕೆಂದರೆ ಮೂರು ರೂಪಗಳಲ್ಲಿ ಎರಡಕ್ಕೆ ಅದೇ ಬೇಕಾಗುತ್ತದೆ, ಮತ್ತು ಅರ್ಧ ಉಳಿದ ಚಹಾ ತಣ್ಣಗಾಗಿ ಕೆನೆ ಕಟ್ಟಿದ ಮೇಲೆ ಅದೇ ಚಿತ್ರ ಇನ್ನೊಮ್ಮೆ ಸಿಗುವುದಿಲ್ಲ.